‘ಕಿರಿಕಿರಿ’ ಅಂದರೆ ಎಷ್ಟು? ಮಾತಿನ ಸುತ್ತ ಕಾನೂನು ಹಾಕುವ ಬೇಲಿ ಮತ್ತು ಅದನ್ನು ಕೋರ್ಟು ಅಳೆಯುವ ಬಗೆ

ಕೆಲವು ವರ್ಷಗಳ ಹಿಂದೆ ನಾನೊಂದು ಬಾಡಿಗೆ ಮನೆಯಲ್ಲಿದ್ದೆ. ಎಲ್ಲರ ಹಾಗೆ ಹನ್ನೊಂದು ತಿಂಗಳ ಕರಾರು. ಅದರಲ್ಲಿ ಒಂದು ಸಾಲಿತ್ತು: ‘ಮಾಲೀಕರಿಗೆ ಹಾಗೂ ಅಕ್ಕಪಕ್ಕದವರಿಗೆ ಕಿರಿಕಿರಿ ಆಗುವಂಥ ಯಾವುದೇ ಕೆಲಸ ಮಾಡತಕ್ಕದ್ದಲ್ಲ. ಮಾಡಿದಲ್ಲಿ ಅಡ್ವಾನ್ಸ್ ಹಣ ವಾಪಸ್ ಕೊಡಲಾಗುವುದಿಲ್ಲ.’ ಓದಿದಾಗ ನ್ಯಾಯವಾಗೇ ಇದೆ ಅನ್ನಿಸಿತು. ಸಹಿ ಹಾಕಿದೆ.

ಮೊದಲ ವಾರ ಬೆಳಿಗ್ಗೆ ಆರಕ್ಕೆ ಚಟ್ನಿಗೆ ಮಿಕ್ಸಿ ಹಾಕಿದಾಗ ಕೆಳಗಿನ ಮನೆಯಿಂದ ಓನರ್ ಕೆಮ್ಮಿದ ಸದ್ದು ಕೇಳಿಸಿತು. ಅದು ಬರೀ ಕೆಮ್ಮೋ, ಸೂಚನೆಯೋ ಗೊತ್ತಾಗಲಿಲ್ಲ. ಮರುದಿನದಿಂದ ಚಟ್ನಿಯನ್ನು ಹಿಂದಿನ ರಾತ್ರಿ ಎಂಟಕ್ಕೇ ರುಬ್ಬಿಟ್ಟುಕೊಳ್ಳತೊಡಗಿದೆ. ಆಮೇಲೆ ಟಿವಿ ಸದ್ದು ಇಳಿಯಿತು. ಗೆಳೆಯರನ್ನು ಮನೆಗೆ ಕರೆಯುವುದು ನಿಂತಿತು. ಓನರ್ ಒಂದು ಸಲವೂ ನನ್ನನ್ನು ಬೈಯಲಿಲ್ಲ. ಹೊರಡುವಾಗ ಅಡ್ವಾನ್ಸನ್ನು ಪೂರ್ತಿ ಎಣಿಸಿ ಕೊಟ್ಟರು. ಅಂದರೆ ಆ ಸಾಲು ಒಂದು ದಿನವೂ ಬಳಕೆಗೆ ಬರಲಿಲ್ಲ. ಆದರೂ ಹನ್ನೊಂದು ತಿಂಗಳು ಅದು ನನ್ನ ಮೇಲೆ ಕೆಲಸ ಮಾಡಿತು.

ಈ ಕಥೆ ಈಗ ನೆನಪಾಗಲು ಕಾರಣ ಇದೆ. 2025ರ ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನದಲ್ಲಿ ದ್ವೇಷ ಭಾಷಣ ತಡೆಯುವ ಮಸೂದೆಗೆ ಒಪ್ಪಿಗೆ ಸಿಕ್ಕಿತು. ಆಗಿನಿಂದ ‘ಸಮಂಜಸ ನಿರ್ಬಂಧ’, ‘ಅಸ್ಪಷ್ಟತೆ’, ‘ಚಿಲ್ಲಿಂಗ್ ಎಫೆಕ್ಟ್’ ಅನ್ನುವ ಮಾತುಗಳು ಟಿವಿ ಚರ್ಚೆಯಲ್ಲೂ ವಾಟ್ಸಾಪ್‌ನಲ್ಲೂ ಓಡಾಡುತ್ತಿವೆ. ಆ ಮಸೂದೆ ಸರಿಯೋ ತಪ್ಪೋ ಅನ್ನುವುದು ಈ ಲೇಖನದ ವಿಷಯ ಅಲ್ಲ. ಮಾತಿನ ಮೇಲೆ ಕಡಿವಾಣ ಹಾಕುವ ಕಾನೂನು ಎದುರಿಗೆ ಬಂದಾಗ ಕೋರ್ಟು ಅದನ್ನು ಯಾವ ಅಳತೆಗೋಲಿನಿಂದ ನೋಡುತ್ತದೆ ಅನ್ನುವುದು ಮಾತ್ರ ಇಲ್ಲಿದೆ. ಅದಕ್ಕೆ ಒಂದೇ ಕೇಸನ್ನು ಹಿಡಿದುಕೊಂಡು ಹೋಗೋಣ: 2015ರಲ್ಲಿ ಸುಪ್ರೀಂ ಕೋರ್ಟು ಐಟಿ ಕಾಯ್ದೆಯ 66ಎ ಸೆಕ್ಷನ್ ಅನ್ನು ರದ್ದು ಮಾಡಿದ ಶ್ರೇಯಾ ಸಿಂಘಲ್ ಕೇಸು.

ಹಕ್ಕು ಒಂದು, ಬೇಲಿಗಳು ಎಂಟು

ಮೊದಲು ಸಂವಿಧಾನ ಏನು ಹೇಳುತ್ತದೆ ನೋಡೋಣ. 19(1)(ಎ) ವಿಧಿ ಪ್ರತಿಯೊಬ್ಬ ನಾಗರಿಕನಿಗೂ ಮಾತಿನ ಮತ್ತು ಅಭಿವ್ಯಕ್ತಿಯ ಸ್ವಾತಂತ್ರ್ಯ ಕೊಡುತ್ತದೆ. ಅದರ ಬೆನ್ನಿಗೇ ಬರುವ 19(2)ನೇ ವಿಧಿ ಆ ಸ್ವಾತಂತ್ರ್ಯಕ್ಕೆ ಸರ್ಕಾರ ‘ಸಮಂಜಸ ನಿರ್ಬಂಧ’ ಹಾಕಬಹುದು ಅನ್ನುತ್ತದೆ. ಆದರೆ ಮನಸ್ಸಿಗೆ ಬಂದ ಕಾರಣಕ್ಕೆ ಹಾಕುವ ಹಾಗಿಲ್ಲ. ಕಾರಣಗಳು ಎಂಟೇ: ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ದೇಶದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ.

ಈ ಪಟ್ಟಿ 1950ರಲ್ಲಿ ಹೀಗಿರಲಿಲ್ಲ. ಆಗ ‘ಸಾರ್ವಜನಿಕ ಸುವ್ಯವಸ್ಥೆ’ ಅನ್ನುವ ಪದ ಅದರಲ್ಲಿ ಇರಲಿಲ್ಲ. ‘ಸಮಂಜಸ’ ಅನ್ನುವ ಪದವೂ ಇರಲಿಲ್ಲ. ಬಾಂಬೆಯಿಂದ ಬರುತ್ತಿದ್ದ ‘ಕ್ರಾಸ್ ರೋಡ್ಸ್’ ಅನ್ನುವ ವಾರಪತ್ರಿಕೆ ತನ್ನ ಪ್ರಾಂತ್ಯದೊಳಗೆ ಬರಬಾರದು ಎಂದು ಅಂದಿನ ಮದ್ರಾಸ್ ಸರ್ಕಾರ ತಡೆ ಹಾಕಿತು. ಸಂಪಾದಕ ರೊಮೇಶ್ ಥಾಪರ್ ಸುಪ್ರೀಂ ಕೋರ್ಟಿಗೆ ಹೋದರು. ಮದ್ರಾಸಿನ ಕಾನೂನು ‘ಸಾರ್ವಜನಿಕ ಸುರಕ್ಷತೆ’ಯ ಹೆಸರಿನಲ್ಲಿ ತಡೆ ಹಾಕಲು ಬಿಡುತ್ತಿತ್ತು. ಸಂವಿಧಾನ ಬಿಡುತ್ತಿದ್ದದ್ದು ದೇಶದ ಭದ್ರತೆಯಂಥ ದೊಡ್ಡ ಕಾರಣಕ್ಕೆ ಮಾತ್ರ. ಕಾನೂನಿನ ಪದ ಸಂವಿಧಾನದ ಪದಕ್ಕಿಂತ ಅಗಲವಾಗಿದೆ, ಆದ್ದರಿಂದ ನಿಲ್ಲುವುದಿಲ್ಲ ಎಂದು ಕೋರ್ಟು 1950ರ ಮೇ ತಿಂಗಳಲ್ಲಿ ಹೇಳಿತು. ಮರುವರ್ಷವೇ ಸಂವಿಧಾನಕ್ಕೆ ಮೊದಲ ತಿದ್ದುಪಡಿ ಬಂತು. ‘ಸಾರ್ವಜನಿಕ ಸುವ್ಯವಸ್ಥೆ’ ಸೇರಿದ್ದು ಆಗ. ಅದರ ಜೊತೆಗೇ ‘ಸಮಂಜಸ’ ಅನ್ನುವ ಪದವೂ ಸೇರಿತು. ಸರ್ಕಾರದ ಕೈ ಉದ್ದ ಆಯಿತು, ಆ ಕೈಯನ್ನು ಅಳೆಯುವ ಟೇಪು ಕೋರ್ಟಿಗೆ ಸಿಕ್ಕಿತು.

‘ಸಮಂಜಸ’ ಅಂದರೇನು ಅನ್ನುವುದಕ್ಕೆ 1952ರ ವಿ.ಜಿ. ರೋ ಕೇಸಿನಲ್ಲಿ ಕೋರ್ಟು ಉತ್ತರ ಕೊಟ್ಟಿತು. ಎಲ್ಲದಕ್ಕೂ ಹೊಂದುವ ಒಂದೇ ಅಳತೆ ಇಲ್ಲ. ಕಿತ್ತುಕೊಂಡದ್ದು ಯಾವ ಹಕ್ಕು, ತಡೆಯಬೇಕಾದ ಕೆಡುಕು ಎಷ್ಟು ದೊಡ್ಡದು, ಎಷ್ಟು ತುರ್ತಿನದು, ಹಾಕಿದ ಕಟ್ಟುಪಾಡು ಅದಕ್ಕೆ ತಕ್ಕಷ್ಟಿದೆಯೋ ಅತಿಯಾಯಿತೋ, ಆ ಕಾಲದ ಪರಿಸ್ಥಿತಿ ಏನು, ಇವನ್ನೆಲ್ಲ ಕೂಡಿಸಿ ನೋಡಬೇಕು. ಸೊಳ್ಳೆ ಕೂತಿದೆ ಅಂತ ಒನಕೆ ಎತ್ತಬಾರದು, ಅಷ್ಟೇ.

ಮಾತು ಮತ್ತು ಗಲಭೆಯ ನಡುವೆ ಎಷ್ಟು ದೂರ?

ಪಟ್ಟಿಯಲ್ಲಿರುವ ಕಾರಣದ ಹೆಸರು ಹೇಳಿದರೆ ಸಾಕಾಗುವುದಿಲ್ಲ. ಆ ಮಾತಿಗೂ ಆ ಕೆಡುಕಿಗೂ ಹತ್ತಿರದ ನಂಟು ಇರಬೇಕು. ಇದು ಗಟ್ಟಿಯಾದದ್ದು ರಾಮಮನೋಹರ ಲೋಹಿಯಾ ಅವರ ಕೇಸಿನಲ್ಲಿ. ಉತ್ತರ ಪ್ರದೇಶದಲ್ಲಿ ಕಾಲುವೆ ನೀರಿನ ದರ ಹೆಚ್ಚಿಸಿದ್ದರು. ಹೆಚ್ಚಿಸಿದ ದರ ಕಟ್ಟಬೇಡಿ ಎಂದು ಲೋಹಿಯಾ 1954ರಲ್ಲಿ ರೈತರಿಗೆ ಭಾಷಣ ಮಾಡಿದರು, ಬಂಧನ ಆಯಿತು. ಬಳಸಿದ್ದು 1932ರ, ಅಂದರೆ ಬ್ರಿಟಿಷರ ಕಾಲದ ಕಾನೂನು. ಸರ್ಕಾರದ ವಾದ ಹೀಗಿತ್ತು: ಇವತ್ತು ಒಬ್ಬ ಕಟ್ಟಬೇಡಿ ಅಂತಾನೆ, ನಾಳೆ ಎಲ್ಲರೂ ನಿಲ್ಲಿಸುತ್ತಾರೆ, ಆಮೇಲೆ ಕ್ರಾಂತಿಯೇ ಆಗಬಹುದು. 1960ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಕಲ್ಪನೆಯ ಸರಪಳಿ ಕಟ್ಟಿಕೊಂಡು ಹೋದರೆ ಯಾವ ಮಾತನ್ನಾದರೂ ಗಲಭೆಯವರೆಗೆ ಎಳೆಯಬಹುದು. ನಂಟು ದೂರದ್ದೋ ಊಹೆಯದೋ ಆದರೆ ನಡೆಯುವುದಿಲ್ಲ ಎಂದಿತು. 1989ರ ರಂಗರಾಜನ್ ಕೇಸಿನಲ್ಲಿ ಇದಕ್ಕೊಂದು ಹೋಲಿಕೆಯೂ ಸಿಕ್ಕಿತು: ಮಾತು ಮತ್ತು ಅಪಾಯದ ನಂಟು ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯ ಹಾಗೆ ಇರಬೇಕು.

ಒಂದು ಪೋಸ್ಟ್, ಒಂದು ಲೈಕ್

ಈಗ 66ಎ ಹತ್ತಿರ ಬರೋಣ. 2012ರ ನವೆಂಬರ್ 17ರಂದು ಬಾಳ ಠಾಕ್ರೆ ತೀರಿಕೊಂಡರು. ಮುಂಬೈ ಸುತ್ತಮುತ್ತ ಎಲ್ಲ ಬಂದ್ ಆಯಿತು. ಪಾಲ್ಘರ್ ಅನ್ನುವ ಊರಿನ ಯುವತಿಯೊಬ್ಬಳು, ಇದಕ್ಕೆಲ್ಲ ಊರು ಯಾಕೆ ಬಂದ್ ಆಗಬೇಕು ಅನ್ನುವ ಅರ್ಥದಲ್ಲಿ ಫೇಸ್‌ಬುಕ್‌ನಲ್ಲಿ ಬರೆದಳು. ಅವಳ ಗೆಳತಿ ಅದಕ್ಕೆ ಲೈಕ್ ಒತ್ತಿದಳು. ಇಬ್ಬರನ್ನೂ ಪೊಲೀಸರು ಬಂಧಿಸಿದರು. ಒಬ್ಬಳ ಸಂಬಂಧಿಕರ ಆಸ್ಪತ್ರೆಯ ಮೇಲೆ ದಾಳಿ ನಡೆಯಿತು. ಜಾಮೀನು ಸಿಕ್ಕಿತು, ಕೆಲವು ತಿಂಗಳಲ್ಲಿ ಕೇಸೂ ಮುಚ್ಚಿಹೋಯಿತು. ಆದರೆ ಲೈಕ್ ಒತ್ತಿದ್ದಕ್ಕೂ ಸ್ಟೇಷನ್ ಮೆಟ್ಟಿಲು ಹತ್ತಬೇಕಾಗುತ್ತದೆ ಅನ್ನುವುದು ದೇಶಕ್ಕೆಲ್ಲ ಗೊತ್ತಾಯಿತು. ಅದೇ ತಿಂಗಳು ಶ್ರೇಯಾ ಸಿಂಘಲ್ ಅನ್ನುವ ಯುವತಿ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿದರು.

ಪೊಲೀಸರು ಬಳಸಿದ ಸೆಕ್ಷನ್‌ಗಳಲ್ಲಿ 66ಎ ಒಂದು. 2008ರ ತಿದ್ದುಪಡಿಯಲ್ಲಿ ಅದು ಐಟಿ ಕಾಯ್ದೆಗೆ ಸೇರಿತು. ಕಂಪ್ಯೂಟರ್ ಅಥವಾ ಫೋನಿನಿಂದ ‘ತೀರಾ ಮನನೋಯಿಸುವ’ ಅಥವಾ ‘ಬೆದರಿಕೆಯ ಸ್ವಭಾವದ’ ಏನನ್ನೇ ಕಳಿಸಿದರೂ ಅಪರಾಧ. ಸುಳ್ಳು ಎಂದು ಗೊತ್ತಿದ್ದೂ ಕಿರಿಕಿರಿ, ಅನಾನುಕೂಲ, ಅಡ್ಡಿ, ಅವಮಾನ, ದ್ವೇಷ, ಕೆಟ್ಟ ಭಾವನೆ ಇಂಥದ್ದನ್ನು ಉಂಟುಮಾಡಲು ಪದೇ ಪದೇ ಕಳಿಸಿದರೂ ಅಪರಾಧ. ಕಿರಿಕಿರಿ ಮಾಡಲೆಂದು ಇಮೇಲ್ ಕಳಿಸಿದರೂ ಅಪರಾಧ. ಶಿಕ್ಷೆ 3 ವರ್ಷದವರೆಗೆ ಜೈಲು, ಜೊತೆಗೆ ದಂಡ. ವಾರಂಟ್ ಇಲ್ಲದೆ ಬಂಧಿಸಬಹುದಿತ್ತು.

ಇದರಲ್ಲಿ ಯಾವ ಪದಕ್ಕೂ ಕಾಯ್ದೆ ಅರ್ಥ ಬರೆದಿರಲಿಲ್ಲ. ನನ್ನ ಬಾಡಿಗೆ ಕರಾರಿನಂತೆಯೇ, ಅಲ್ವಾ? ಒಂದೇ ವ್ಯತ್ಯಾಸ, ಇಲ್ಲಿ ಹೋಗುವುದು ಅಡ್ವಾನ್ಸ್ ಅಲ್ಲ, ಮನುಷ್ಯ.

ಕೋರ್ಟು ಮೊದಲು ಕೇಳಿದ್ದು: ಇದು ಯಾವ ಬೇಲಿಯೊಳಗೆ ಬರುತ್ತದೆ?

ನ್ಯಾಯಮೂರ್ತಿಗಳಾದ ಜೆ. ಚೆಲಮೇಶ್ವರ್ ಮತ್ತು ರೋಹಿಂಟನ್ ನಾರಿಮನ್ ಅವರ ಪೀಠ 2015ರ ಮಾರ್ಚ್ 24ರಂದು ತೀರ್ಪು ಕೊಟ್ಟಿತು. ಬರೆದದ್ದು ನಾರಿಮನ್.

ತೀರ್ಪಿನ ಬೆನ್ನೆಲುಬು ಒಂದು ಮೂರು ಮೆಟ್ಟಿಲಿನ ವಿಂಗಡಣೆ. ಒಂದು ವಿಷಯವನ್ನು ಚರ್ಚಿಸುವುದು ಮೊದಲ ಮೆಟ್ಟಿಲು. ಅದರ ಪರವಾಗಿ ವಾದಿಸುವುದು ಎರಡನೆಯದು. ಜನರನ್ನು ಕೃತ್ಯಕ್ಕೆ ಪ್ರಚೋದಿಸುವುದು ಮೂರನೆಯದು. ಮೊದಲೆರಡು ಎಷ್ಟೇ ಕಹಿಯಾಗಿರಲಿ, ಅವೇ ಈ ಸ್ವಾತಂತ್ರ್ಯದ ತಿರುಳು. ಮೂರನೇ ಮೆಟ್ಟಿಲಿಗೆ ಕಾಲಿಟ್ಟ ಮೇಲೆ 19(2)ನೇ ವಿಧಿ ಕೆಲಸ ಶುರುಮಾಡುತ್ತದೆ. ‘ಈ ಬಂದ್ ಬೇಕಿತ್ತಾ?’ ಅಂದರೆ ಚರ್ಚೆ. ‘ಬಂದ್ ಕರೆಗೆ ಯಾರೂ ಓಗೊಡಬಾರದು’ ಅಂದರೆ ವಾದ. ‘ಬನ್ನಿ, ಬಂದ್ ಮಾಡಿಸಲು ಬಂದವರ ಗಾಡಿಗೆ ಬೆಂಕಿ ಹಚ್ಚೋಣ’ ಅಂದರೆ ಪ್ರಚೋದನೆ. 66ಎ ಈ ಮೂರನ್ನೂ ಒಂದೇ ಗೋಣಿಚೀಲಕ್ಕೆ ತುಂಬಿತ್ತು.

ಸರ್ಕಾರ ನಾಲ್ಕು ಬೇಲಿಗಳನ್ನು ಹಿಡಿದುಕೊಂಡಿತು: ಸುವ್ಯವಸ್ಥೆ, ಮಾನಹಾನಿ, ಪ್ರಚೋದನೆ, ಸಭ್ಯತೆ. ಕೋರ್ಟು ಒಂದೊಂದನ್ನೇ ಹಿಡಿದು ನೋಡಿತು. ಒಬ್ಬ ಇನ್ನೊಬ್ಬನಿಗೆ ಒಂದೇ ಒಂದು ಮೆಸೇಜ್ ಕಳಿಸಿದರೂ 66ಎ ಅನ್ವಯಿಸುತ್ತದೆ. ಆ ಒಬ್ಬ ಮಾತ್ರ ಓದಿ ಸಿಟ್ಟಾದರೆ ಊರಿನ ನೆಮ್ಮದಿ ಎಲ್ಲಿ ಕೆಟ್ಟಿತು? ಮಾನಹಾನಿ ಅನ್ನಬೇಕಾದರೆ ಯಾರದೋ ಹೆಸರಿಗೆ ಪೆಟ್ಟು ಬೀಳಬೇಕು, ಆ ಮಾತೇ ಸೆಕ್ಷನ್‌ನಲ್ಲಿ ಇಲ್ಲ. ಕಿರಿಕಿರಿ ಮಾಡುವುದು ದಂಡ ಸಂಹಿತೆಯಲ್ಲಿ ತಾನೇ ಒಂದು ಅಪರಾಧ ಅಲ್ಲ, ಅಂದಮೇಲೆ ಅಪರಾಧಕ್ಕೆ ಪ್ರಚೋದನೆ ಎಲ್ಲಿಂದ ಬಂತು? ಮನನೋಯಿಸುವುದೆಲ್ಲ ಅಶ್ಲೀಲವೂ ಅಲ್ಲ. ನಾಲ್ಕೂ ಬೇಲಿಗಳ ಹೊರಗೆ 66ಎ ನಿಂತಿತ್ತು.

ಅಸ್ಪಷ್ಟತೆ: ಜಡ್ಜ್‌ಗಳಿಗೇ ಒಮ್ಮತ ಇಲ್ಲದ ಪದ

ಅಸ್ಪಷ್ಟತೆಯ ತತ್ವ ಸರಳ. ಕ್ರಿಮಿನಲ್ ಕಾನೂನು ಯಾವುದು ತಪ್ಪು ಎಂದು ಮೊದಲೇ ಗೊತ್ತಾಗುವ ಹಾಗೆ ಹೇಳಬೇಕು. ಹೇಳದಿದ್ದರೆ ಅದು ಅಸಿಂಧು. 1994ರ ಕರ್ತಾರ್ ಸಿಂಗ್ ಕೇಸಿನಲ್ಲಿ, ಭಯೋತ್ಪಾದನೆ ತಡೆಯಲು ತಂದಿದ್ದ ಟಾಡಾ ಕಾಯ್ದೆಯನ್ನು ಪರಿಶೀಲಿಸುವಾಗ, ಕೋರ್ಟು ಇದನ್ನು ಬಿಡಿಸಿ ಹೇಳಿತ್ತು. ಮಸುಕಾದ ಕಾನೂನಿಂದ ಆಗುವ ಕೇಡು ಮೂರು. ತಪ್ಪೆಂದು ಗೊತ್ತಿಲ್ಲದವನೂ ಸಿಕ್ಕಿಬೀಳುತ್ತಾನೆ. ಏನು ಅಪರಾಧ ಅನ್ನುವುದನ್ನು ಶಾಸನಸಭೆಯ ಬದಲು ಪೊಲೀಸರು, ಕೆಳ ಅಧಿಕಾರಿಗಳು ತಮಗೆ ತೋಚಿದ ಹಾಗೆ ತೀರ್ಮಾನಿಸುತ್ತಾರೆ. ಗೆರೆ ಎಲ್ಲಿದೆ ಎಂದು ಕಾಣದ ಕಾರಣ ಜನ ಗೆರೆಯಿಂದ ಬಹಳ ಈಚೆಗೇ ನಿಂತುಬಿಡುತ್ತಾರೆ.

ರಸ್ತೆ ಬದಿಯಲ್ಲಿ ‘ಗಂಟೆಗೆ 40 ಕಿಲೋಮೀಟರ್’ ಅನ್ನುವ ಬೋರ್ಡು ಇದ್ದರೆ ಚಾಲಕನಿಗೂ ಗೊತ್ತು, ಟ್ರಾಫಿಕ್ ಪೊಲೀಸನಿಗೂ ಗೊತ್ತು. ‘ಬೇಸರ ತರಿಸುವ ವೇಗದಲ್ಲಿ ಓಡಿಸಿದರೆ ಜೈಲು’ ಅಂತ ಬೋರ್ಡು ಹಾಕಿದರೆ? ಯಾರ ಬೇಸರ, ಎಷ್ಟು ಬೇಸರ?

ಇಲ್ಲಿ ನಾರಿಮನ್ ಒಂದು ಚೆಂದದ ಕೆಲಸ ಮಾಡಿದರು. ‘ತೀರಾ ಮನನೋಯಿಸುವ’, ‘ಬೆದರಿಕೆಯ’ ಅನ್ನುವ ಪದಗಳು ಇಂಗ್ಲೆಂಡಿನ ಕಾನೂನಿನಲ್ಲೂ ಇವೆ. ಅಲ್ಲಿ ಅವು 1935ರಲ್ಲಿ, ಟೆಲಿಫೋನಿನ ಕಾಲದಲ್ಲಿ ಹುಟ್ಟಿದವು. ಅಲ್ಲಿನ ಎರಡು ಕೇಸುಗಳನ್ನು ಅವರು ಮುಂದಿಟ್ಟರು.

ಮೊದಲನೆಯದರಲ್ಲಿ ಒಬ್ಬ ವ್ಯಕ್ತಿ ಎರಡು ವರ್ಷ ತನ್ನ ಸಂಸದರ ಕಚೇರಿಗೆ ಫೋನ್ ಮಾಡಿ, ವಲಸಿಗರ ಬಗ್ಗೆ ಜನಾಂಗೀಯ ಬೈಗುಳ ಬಳಸಿ ಮಾತಾಡಿದ್ದ. ಕೆಳ ಕೋರ್ಟು, ಮಾತು ಮನನೋಯಿಸುವಂಥದ್ದು ಹೌದು, ‘ತೀರಾ’ ಅಲ್ಲ ಎಂದಿತು. ಮೇಲಿನ ಕೋರ್ಟೂ ಅದನ್ನೇ ಹೇಳಿತು. 2006ರಲ್ಲಿ ಹೌಸ್ ಆಫ್ ಲಾರ್ಡ್ಸ್, ಇದು ‘ತೀರಾ’ ಹೌದು ಎಂದಿತು.

ಎರಡನೆಯದು ಟ್ವಿಟರ್ ಕಥೆ. 2010ರ ಜನವರಿಯಲ್ಲಿ ಹಿಮ ಬಿದ್ದು ರಾಬಿನ್ ಹುಡ್ ವಿಮಾನ ನಿಲ್ದಾಣ ಮುಚ್ಚಿತ್ತು. ಗೆಳತಿಯನ್ನು ನೋಡಲು ಹೊರಡಬೇಕಿದ್ದ ಯುವಕನೊಬ್ಬ, ಒಂದು ವಾರದಲ್ಲಿ ಸರಿಮಾಡಿಕೊಳ್ಳದಿದ್ದರೆ ನಿಲ್ದಾಣವನ್ನೇ ಉಡಾಯಿಸಿಬಿಡುತ್ತೇನೆ ಎಂದು ಟ್ವೀಟ್ ಮಾಡಿದ. ಕೆಳ ಕೋರ್ಟಿನಲ್ಲಿ ಶಿಕ್ಷೆ ಆಯಿತು, ಮೊದಲ ಮೇಲ್ಮನವಿಯಲ್ಲೂ ಸೋತ. 2012ರಲ್ಲಿ ಹೈಕೋರ್ಟು, ಇದು ತಮಾಷೆ ಅಂತ ಯಾರಿಗಾದರೂ ಗೊತ್ತಾಗುತ್ತದೆ, ಇದರಲ್ಲಿ ಬೆದರಿಕೆ ಇಲ್ಲ ಎಂದು ಬಿಟ್ಟಿತು.

ಎರಡರಲ್ಲೂ ಸಂಗತಿಯ ಬಗ್ಗೆ ಜಗಳ ಇರಲಿಲ್ಲ. ಮಾತು ಅದೇ, ಆಡಿದವನು ಅವನೇ. ಆದರೂ ಕಾನೂನಿನಲ್ಲಿ ಪಳಗಿದ ನ್ಯಾಯಾಧೀಶರು ತದ್ವಿರುದ್ಧ ದಿಕ್ಕಿಗೆ ಹೋದರು. ಅವರಿಗೇ ಹೀಗಾದರೆ, ರಾತ್ರಿ ಹನ್ನೊಂದಕ್ಕೆ ದೂರು ಹಿಡಿದು ಕೂತ ಸಬ್ ಇನ್ಸ್‌ಪೆಕ್ಟರ್ ಏನು ಮಾಡಬೇಕು? ಪೋಸ್ಟ್ ಒತ್ತುವ ಮುನ್ನ ಕಾಲೇಜು ಹುಡುಗಿ ಏನಂತ ತಿಳಿದುಕೊಳ್ಳಬೇಕು? ನನ್ನ ಮಟ್ಟಿಗೆ ಇಡೀ ತೀರ್ಪಿನಲ್ಲಿ ಅತ್ಯಂತ ಗಟ್ಟಿಯಾದ ವಾದ ಇದು.

ಹಳೇ ದಂಡ ಸಂಹಿತೆಯ ಜೊತೆಗಿನ ಹೋಲಿಕೆಯೂ ತೀರ್ಪಿನಲ್ಲಿದೆ. ‘ಕಿರಿಕಿರಿ’, ‘ಅಡ್ಡಿ’, ‘ಅಪಾಯ’ ಅನ್ನುವ ಪದಗಳು ಅಲ್ಲಿಯ ಸಾರ್ವಜನಿಕ ಉಪದ್ರವದ ಸೆಕ್ಷನ್‌ನಲ್ಲೂ ಇದ್ದವು. ಆದರೆ ಅಲ್ಲಿ ಮೊದಲು ಕಾನೂನಿಗೆ ವಿರುದ್ಧವಾದ ಒಂದು ಕೃತ್ಯ ಬೇಕು. ಅದರಿಂದ ಒಬ್ಬಿಬ್ಬರಿಗಲ್ಲ, ಸಾರ್ವಜನಿಕರಿಗೆ ತೊಂದರೆ ಆಗಬೇಕು. ಅಲ್ಲಿ ಕಿರಿಕಿರಿ ಅನ್ನುವುದು ಅಪರಾಧದ ಒಂದು ಪದಾರ್ಥ, 66ಎ ಅಡಿ ಅದೇ ಪೂರ್ತಿ ಅಡುಗೆ. ಸಾಮಾನ್ಯ ಸಾರ್ವಜನಿಕ ಉಪದ್ರವಕ್ಕೆ ಇದ್ದ ದಂಡ ಎಷ್ಟು ಗೊತ್ತಾ? 200 ರೂಪಾಯಿವರೆಗೆ. ಅದೇ ಕಿರಿಕಿರಿ ಫೋನಿನಿಂದ ಹೊರಟರೆ 3 ವರ್ಷದವರೆಗೆ ಜೈಲು.

ಅತಿವ್ಯಾಪ್ತಿ: ಕೊಂಬಿದ್ದದ್ದೆಲ್ಲ ಹಸು

ಅಸ್ಪಷ್ಟತೆಯ ಪಕ್ಕದಲ್ಲೇ ಇನ್ನೊಂದು ದೋಷ ಇದೆ. ಜನ ಎರಡನ್ನೂ ಕಲಸಿಬಿಡುತ್ತಾರೆ. ನಮ್ಮ ಹಳೇ ತರ್ಕಶಾಸ್ತ್ರದಲ್ಲಿ ಇದಕ್ಕೆ ಸರಿಯಾದ ಹೆಸರೇ ಇದೆ: ಅತಿವ್ಯಾಪ್ತಿ. ‘ಕೊಂಬಿರುವ ಪ್ರಾಣಿಯೇ ಹಸು’ ಅಂದರೆ ಎಮ್ಮೆಯೂ ಹಸು ಆಗಿಬಿಡುತ್ತದೆ. ಕೊಂಬು ಅನ್ನುವ ಪದ ಸ್ಪಷ್ಟವಾಗೇ ಇದೆ, ಆದರೆ ಬಲೆ ದೊಡ್ಡದಾಯಿತು. ಕಾನೂನಿನಲ್ಲೂ ಹೀಗೆ. ‘ಫೇಸ್‌ಬುಕ್‌ನಲ್ಲಿ ರಾಜಕೀಯ ಬರೆಯಬಾರದು’ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಅಸ್ಪಷ್ಟತೆ ಇಲ್ಲ, ಅತಿವ್ಯಾಪ್ತಿ ಇದೆ.

66ಎಗೆ ಎರಡೂ ದೋಷ ಇದ್ದವು. ಹೆಣ್ಣುಮಕ್ಕಳ ಬಿಡುಗಡೆ, ಜಾತಿ ವ್ಯವಸ್ಥೆಯ ನಾಶ ಇಂಥ ವಿಚಾರಗಳೂ ಕೆಲವರಿಗೆ ತೀರಾ ನೋವು ತರಬಹುದು ಎಂದು ತೀರ್ಪು ಹೇಳಿತು. ಯಾವ ಗಟ್ಟಿ ಅಭಿಪ್ರಾಯ ತಾನೇ ಯಾರಿಗೂ ಕಿರಿಕಿರಿ ಮಾಡದೆ ಇರುತ್ತದೆ? ಹನ್ನೆರಡನೇ ಶತಮಾನದ ವಚನವೊಂದನ್ನು ಇವತ್ತು ಅರ್ಥ ಬಿಡಿಸಿ ಸ್ಟೇಟಸ್ ಹಾಕಿದರೂ ದೂರು ಕೊಡುವವರು ಸಿಗುತ್ತಾರೆ.

ಚಿಲ್ಲಿಂಗ್ ಎಫೆಕ್ಟ್: ಕೇಸಿಲ್ಲದೆಯೂ ಆಗುವ ಶಿಕ್ಷೆ

ಈಗ ನನ್ನ ಮಿಕ್ಸಿಗೆ ವಾಪಸ್ ಬರಬಹುದು. ಓನರ್ ಮಿಕ್ಸಿ ನಿಲ್ಲಿಸಿ ಅನ್ನಲಿಲ್ಲ. ನಾನೇ ನಿಲ್ಲಿಸಿದೆ. ಬೆಳಿಗ್ಗೆ ಆರಕ್ಕೆ ಮಿಕ್ಸಿ ಹಾಕುವುದು ಬಹುಶಃ ಕರಾರಿನ ಪ್ರಕಾರ ತಪ್ಪೇ ಅಲ್ಲ. ಆದರೆ ‘ಬಹುಶಃ’ ಅನ್ನುವುದರ ಮೇಲೆ ಅಡ್ವಾನ್ಸ್ ಪಣಕ್ಕಿಡುವ ಧೈರ್ಯ ನನಗಿರಲಿಲ್ಲ. ಕಾನೂನಿನ ಭಯದಿಂದ ಜನ ಕಾನೂನುಬದ್ಧವಾದ ಮಾತನ್ನೂ ನುಂಗಿಕೊಳ್ಳುವುದನ್ನೇ ಚಿಲ್ಲಿಂಗ್ ಎಫೆಕ್ಟ್ ಅನ್ನುವುದು. ಕನ್ನಡದಲ್ಲಿ ‘ಅಂಜಿಕೆಯ ಪರಿಣಾಮ’ ಅನ್ನಬಹುದು.

ಇದರಲ್ಲಿ ಖುಲಾಸೆ ಆಗುತ್ತೋ ಇಲ್ಲವೋ ಅನ್ನುವುದು ದೊಡ್ಡ ವಿಷಯವೇ ಅಲ್ಲ. 2012ರ ಏಪ್ರಿಲ್‌ನಲ್ಲಿ ಕೋಲ್ಕತ್ತಾದ ಜಾದವಪುರ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಕುರಿತ ಒಂದು ಕಾರ್ಟೂನನ್ನು ಇಮೇಲ್‌ನಲ್ಲಿ ಹಂಚಿದ್ದಕ್ಕೆ ಬಂಧನಕ್ಕೊಳಗಾದರು. 66ಎ ಕೂಡ ಹಾಕಲಾಗಿತ್ತು. ಅವರನ್ನು ಕೇಸಿನಿಂದ ಪೂರ್ತಿ ಕೈಬಿಟ್ಟದ್ದು 2023ರ ಜನವರಿಯಲ್ಲಿ. ಹತ್ತು ವರ್ಷ ದಾಟಿತ್ತು. ಕೊನೆಗೆ ಗೆದ್ದರು ಅನ್ನಬಹುದು. ಆದರೆ ಆ ಸುದ್ದಿ ಓದಿದ ಇನ್ನೊಬ್ಬ ಮೇಷ್ಟ್ರು ಕಾರ್ಟೂನ್ ಫಾರ್ವರ್ಡ್ ಮಾಡಲು ಹೋದ ಬೆರಳನ್ನು ಹಿಂದೆ ತೆಗೆದರೆ ಅದು ಯಾವ ಕೋರ್ಟಿನ ಕಡತದಲ್ಲೂ ಬರುವುದಿಲ್ಲ.

ಈ ಕಾರಣಕ್ಕೇ ಮಾತಿನ ಕೇಸುಗಳಲ್ಲಿ ಕೋರ್ಟು ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಮಾನ್ಯವಾಗಿ ಕಾನೂನು ದುರ್ಬಳಕೆ ಆದರೆ ಆ ಒಂದು ಕೇಸನ್ನು ಸರಿಪಡಿಸಿದರೆ ಸಾಕು. ಮಾತಿನ ವಿಷಯದಲ್ಲಿ ಹಾನಿಯಾದವನು ಕೋರ್ಟಿಗೆ ಬರುವುದೇ ಇಲ್ಲ, ಸುಮ್ನೆ ಬಾಯಿ ಮುಚ್ಚಿಕೊಂಡಿರುತ್ತಾನೆ. ಆದ್ದರಿಂದ ಕಾನೂನನ್ನೇ ನೇರವಾಗಿ ಪರೀಕ್ಷಿಸಬೇಕಾಗುತ್ತದೆ.

‘ನಾವು ದುರ್ಬಳಕೆ ಮಾಡುವುದಿಲ್ಲ’

ಸರ್ಕಾರದ ವಕೀಲರು ಎರಡು ದಾರಿ ತೋರಿಸಿದರು. ಒಂದು, ಸೆಕ್ಷನ್‌ಗೆ ಕಿರಿದಾದ ಅರ್ಥ ಕೊಟ್ಟು ಉಳಿಸಿಕೊಳ್ಳಿ. ಹಾಗೆ ಮಾಡಿದ ಉದಾಹರಣೆ ಇತ್ತು. 1962ರ ಕೇದಾರನಾಥ ಸಿಂಗ್ ಕೇಸಿನಲ್ಲಿ ರಾಜದ್ರೋಹದ ಸೆಕ್ಷನ್ ಅನ್ನು, ಹಿಂಸೆ ಅಥವಾ ಅವ್ಯವಸ್ಥೆಗೆ ದಾರಿಮಾಡುವ ಮಾತಿಗೆ ಮಾತ್ರ ಅಂತ ಕುಗ್ಗಿಸಿ ಉಳಿಸಿದ್ದರು. ಆದರೆ 66ಎ ಅನ್ನು ಹಾಗೆ ಉಳಿಸಬೇಕಾದರೆ ಅದರಲ್ಲಿ ಇಲ್ಲದ್ದನ್ನೆಲ್ಲ ಕೋರ್ಟೇ ಬರೆದು ಸೇರಿಸಬೇಕಿತ್ತು. ಅದು ರಿಪೇರಿ ಆಗುತ್ತಿರಲಿಲ್ಲ, ಹೊಸ ಮನೆ ಕಟ್ಟಿದಂತೆ ಆಗುತ್ತಿತ್ತು. ಕೋರ್ಟು ಒಪ್ಪಲಿಲ್ಲ.

ಇನ್ನೊಂದು ದಾರಿ, ಭರವಸೆ. ಮನಸ್ಸಿಗೆ ಬಂದ ಹಾಗೆ ಬಳಸುವುದಿಲ್ಲ, ಎಚ್ಚರಿಕೆಯಿಂದ ಇರುತ್ತೇವೆ ಅಂದರು. 2013ರ ಜನವರಿಯಲ್ಲೇ, ಹಿರಿಯ ಅಧಿಕಾರಿಯ ಒಪ್ಪಿಗೆ ಇಲ್ಲದೆ 66ಎ ಅಡಿ ಬಂಧಿಸಬಾರದು ಎಂದು ಕೇಂದ್ರ ಸರ್ಕಾರ ಸಲಹೆ ಕಳಿಸಿತ್ತು. ಕೋರ್ಟಿನ ಉತ್ತರದ ಸಾರ ಇಷ್ಟು: ಸರ್ಕಾರಗಳು ಬರುತ್ತವೆ, ಹೋಗುತ್ತವೆ, ಸೆಕ್ಷನ್ ಇದ್ದೇ ಇರುತ್ತದೆ. ಈ ಸರ್ಕಾರ ಕೊಟ್ಟ ಮಾತು ಮುಂದಿನ ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಓನರ್ ಒಳ್ಳೆಯವರು ನಿಜ. ಆದರೆ ಮನೆ ಇನ್ನೊಬ್ಬರಿಗೆ ಮಾರಿದರೆ ಕರಾರಿನ ಸಾಲು ಹೊಸ ಓನರ್ ಕೈಗೆ ಹೋಗುತ್ತದೆ.

ಹೀಗೆ 66ಎ ಪೂರ್ತಿ ರದ್ದಾಯಿತು. ಇದೇ ಬಗೆಯ ಮಾತುಗಳಿದ್ದ ಕೇರಳ ಪೊಲೀಸ್ ಕಾಯ್ದೆಯ 118(ಡಿ) ಸೆಕ್ಷನ್ ಕೂಡ ಹೋಯಿತು. ಅದೇ ತೀರ್ಪಿನಲ್ಲಿ ವೆಬ್ ಪುಟಗಳನ್ನು ಬ್ಲಾಕ್ ಮಾಡುವ 69ಎ ಸೆಕ್ಷನ್ ಮಾತ್ರ ಉಳಿಯಿತು. ಅದರಲ್ಲಿ ಕಾರಣಗಳು 19(2)ನೇ ವಿಧಿಯ ಪಟ್ಟಿಯಿಂದಲೇ ಬಂದಿದ್ದವು, ಕಾರಣವನ್ನು ಬರಹದಲ್ಲಿ ಕೊಡಬೇಕಿತ್ತು, ಕಾರ್ಯವಿಧಾನ ಇತ್ತು.

ಈ ವಾದ ಎಲ್ಲ ಕಡೆ ಗೆಲ್ಲುವುದಿಲ್ಲ

ಅಸ್ಪಷ್ಟತೆ, ಅಂಜಿಕೆ ಅಂದ ಕೂಡಲೇ ಕಾನೂನು ಬಿದ್ದುಹೋಗುತ್ತದೆ ಅಂದುಕೊಳ್ಳಬೇಡಿ. ಮರುವರ್ಷವೇ, 2016ರಲ್ಲಿ, ಸುಬ್ರಮಣಿಯನ್ ಸ್ವಾಮಿ ಕೇಸಿನಲ್ಲಿ ಕ್ರಿಮಿನಲ್ ಮಾನಹಾನಿಯ ಸೆಕ್ಷನ್‌ಗಳನ್ನು ಇದೇ ವಾದಗಳಿಂದ ಪ್ರಶ್ನಿಸಿದರು. ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾನಹಾನಿ ಅನ್ನುವುದು ಸಂವಿಧಾನದ ಪಟ್ಟಿಯಲ್ಲೇ ಇದೆ. ಸೆಕ್ಷನ್‌ಗೆ 4 ವಿವರಣೆ, 10 ವಿನಾಯಿತಿ ಇವೆ. ಇಷ್ಟು ವರ್ಷದ ತೀರ್ಪುಗಳು ಅರ್ಥವನ್ನು ಗಟ್ಟಿ ಮಾಡಿವೆ. ಜೊತೆಗೆ, ಹೆಸರು ಉಳಿಸಿಕೊಳ್ಳುವುದೂ ಬದುಕುವ ಹಕ್ಕಿನ ಭಾಗ ಎಂದು ಕೋರ್ಟು ಹೇಳಿತು. ಪತ್ರಕರ್ತರಿಗೆ ಈ ಸೆಕ್ಷನ್‌ಗಳ ಅಂಜಿಕೆ ಜಾಸ್ತಿಯೇ ಇದೆ, ಆದರೂ ವಾದ ನಿಲ್ಲಲಿಲ್ಲ.

ಪುರಾವೆಯ ತೊಡಕೂ ಇದೆ. ಕಾಶ್ಮೀರದ ಇಂಟರ್ನೆಟ್ ಸ್ಥಗಿತದ ಬಗ್ಗೆ 2020ರಲ್ಲಿ ಬಂದ ಅನುರಾಧಾ ಭಸಿನ್ ತೀರ್ಪಿನಲ್ಲಿ, ಪತ್ರಿಕೆಯ ಮೇಲೆ ಅಂಜಿಕೆಯ ಪರಿಣಾಮ ಆಯಿತು ಅನ್ನುವ ವಾದವನ್ನು ಕೋರ್ಟು ಸಾಕಷ್ಟು ಆಧಾರ ಇಲ್ಲ ಎಂದು ಬದಿಗಿಟ್ಟಿತು. ಆಡದೆ ಉಳಿದ ಮಾತನ್ನು ಸಾಕ್ಷಿಯಾಗಿ ತರುವುದು ಹೇಗೆ?

ಆದರೆ ವಾದ ಸತ್ತೂ ಇಲ್ಲ. ಕೇಂದ್ರ ಸರ್ಕಾರದ ವ್ಯವಹಾರದ ಬಗ್ಗೆ ‘ನಕಲಿ, ಸುಳ್ಳು ಅಥವಾ ದಾರಿತಪ್ಪಿಸುವ’ ಮಾಹಿತಿ ಯಾವುದು ಎಂದು ಸರ್ಕಾರದ್ದೇ ಘಟಕ ಗುರುತಿಸುವ ನಿಯಮ 2023ರಲ್ಲಿ ಬಂತು. ಕುನಾಲ್ ಕಾಮ್ರಾ ಮತ್ತಿತರರು ಬಾಂಬೆ ಹೈಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಇಬ್ಬರು ನ್ಯಾಯಮೂರ್ತಿಗಳಲ್ಲಿ ಒಬ್ಬರು ರದ್ದು ಎಂದರು, ಇನ್ನೊಬ್ಬರು ಇರಲಿ ಎಂದರು. ಸೆಪ್ಟೆಂಬರ್‌ನಲ್ಲಿ ಮೂರನೇ ನ್ಯಾಯಮೂರ್ತಿ ಆ ಪದಗಳು ಅಸ್ಪಷ್ಟ ಎಂದು ಮೊದಲಿನವರ ಜೊತೆ ನಿಂತರು, ನಿಯಮ ರದ್ದಾಯಿತು. ನಮ್ಮ ಕರ್ನಾಟಕ ಹೈಕೋರ್ಟಿನಲ್ಲಿ ಗಾಳಿ ಬೇರೆ ಕಡೆ ಬೀಸಿತು. ‘ಸಹಯೋಗ’ ಪೋರ್ಟಲ್ ಮೂಲಕ ಪೋಸ್ಟ್ ತೆಗೆಸುವುದನ್ನು ಪ್ರಶ್ನಿಸಿ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್‌ನಲ್ಲಿ ಏಕಸದಸ್ಯ ಪೀಠ ವಜಾ ಮಾಡಿತು. ಶ್ರೇಯಾ ಸಿಂಘಲ್ ತೀರ್ಪು ಬಂದದ್ದು ಹಳೇ ನಿಯಮಗಳ ಕಾಲದಲ್ಲಿ, ಅದನ್ನು ಈಗಿನ ವ್ಯವಸ್ಥೆಗೆ ಹಾಗೇ ತಂದು ನೆಡಲಾಗದು ಎಂದಿತು.

ಸತ್ತ ಸೆಕ್ಷನ್‌ನ ಓಡಾಟ

66ಎ ಕಥೆಗೆ ಒಂದು ಬಾಲ ಇದೆ. ರದ್ದಾದ ಮೇಲೂ ಸ್ಟೇಷನ್‌ಗಳಲ್ಲಿ ಅದೇ ಸೆಕ್ಷನ್ ಹಾಕಿ ಎಫ್‌ಐಆರ್ ಬರೆಯುವುದು ನಿಲ್ಲಲಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟು ತೀರ್ಪಿನ ಪ್ರತಿಯನ್ನು ಹೈಕೋರ್ಟುಗಳಿಗೂ ರಾಜ್ಯಗಳ ಮುಖ್ಯ ಕಾರ್ಯದರ್ಶಿಗಳಿಗೂ ಕಳಿಸಿ ಎಂದಿತು. 2021ರಲ್ಲಿ ವಿಷಯ ಮತ್ತೆ ಬಂದಾಗ ಪೀಠದಲ್ಲಿದ್ದವರು ತೀರ್ಪು ಬರೆದ ಅದೇ ನಾರಿಮನ್. ಆಘಾತಕಾರಿ ಎಂದರು. ಆಗ ಅಟಾರ್ನಿ ಜನರಲ್ ಕೊಟ್ಟ ವಿವರಣೆ ಕೇಳಿ: ಕಾಯ್ದೆಯ ಪುಸ್ತಕದಲ್ಲಿ ಸೆಕ್ಷನ್ ಹಾಗೇ ಅಚ್ಚಾಗಿದೆ, ರದ್ದಾಗಿದೆ ಅನ್ನುವುದು ಇರುವುದು ಅಡಿಟಿಪ್ಪಣಿಯಲ್ಲಿ, ಅಡಿಟಿಪ್ಪಣಿಯನ್ನು ಯಾರು ಓದುತ್ತಾರೆ!

2022ರ ಅಕ್ಟೋಬರ್‌ನಲ್ಲಿ ಕೋರ್ಟು ಇನ್ನೊಂದು ಆದೇಶ ಹೊರಡಿಸಿತು. 66ಎ ಅಡಿ ಯಾರ ಮೇಲೂ ಕೇಸು ನಡೆಸಬಾರದು, ನಡೆಯುತ್ತಿರುವ ಕೇಸುಗಳಿಂದ ಆ ಸೆಕ್ಷನ್ ಅನ್ನು ಕೈಬಿಡಬೇಕು. ಐಟಿ ಕಾಯ್ದೆಯನ್ನು ಸರ್ಕಾರವೇ ಅಚ್ಚು ಹಾಕಲಿ, ಖಾಸಗಿಯವರೇ ಹಾಕಲಿ, ಅದರಲ್ಲಿ 66ಎ ಇದ್ದರೆ, ಇದು ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಮಾನವಾಗಿದೆ ಅನ್ನುವುದು ಓದುವವರಿಗೆ ಸರಿಯಾಗಿ ತಿಳಿಯುವ ಹಾಗೆ ಮುದ್ರಿಸಬೇಕು.